ಫ್ರೇಮ್ 1043ರಲ್ಲಿ ತಂತಿ ಕಾಣುತ್ತಿದೆ

ಸಿನಿಮಾದ ಒಂದು ಸೆಕೆಂಡಿನಲ್ಲಿ 24 ಸ್ಥಿರಚಿತ್ರಗಳು ಪರದೆಯ ಮೇಲೆ ಹಾದುಹೋಗುತ್ತವೆ. ಅವುಗಳಲ್ಲಿ ಒಂದೊಂದೂ ಒಂದು ಫ್ರೇಮ್. ಅದು ಪರದೆಯ ಮೇಲೆ ನಿಲ್ಲುವುದು ಸುಮಾರು 42 ಮಿಲಿಸೆಕೆಂಡು ಮಾತ್ರ. ವಿಷುಯಲ್ ಎಫೆಕ್ಟ್ಸ್ ಕೆಲಸದ ತಪ್ಪುಗಳು ಅಡಗಿರುವುದು ಈ ಸಂದಿಗಳಲ್ಲೇ. ನಟನನ್ನು ಗಾಳಿಯಲ್ಲಿ ಎತ್ತಿ ಹಿಡಿದ ತಂತಿಯನ್ನು ಇಡೀ ಶಾಟ್‌ನಲ್ಲಿ ಅಳಿಸಿದ ಮೇಲೂ ಒಂದೇ ಒಂದು ಫ್ರೇಮ್‌ನಲ್ಲಿ ಅದು ಉಳಿದುಬಿಡಬಹುದು. ನೋಡುವವರಿಗೆ ಏನೋ ಮಿಂಚಿ ಹೋದಂತೆ ಅನ್ನಿಸುತ್ತದೆ, ಎಲ್ಲಿ ಎಂದು ಕೇಳಿದರೆ ಹೇಳಲಾಗುವುದಿಲ್ಲ. ಅದನ್ನು ತಿದ್ದಬೇಕಾದವರಿಗೆ ಮಾತ್ರ ‘ಎಲ್ಲಿ’ ಎಂಬುದಕ್ಕೆ ಒಂದು ಸಂಖ್ಯೆಯೇ ಬೇಕು.

ತಪ್ಪು ಹಿಡಿಯುವವರೂ ತಿದ್ದುವವರೂ ಒಂದೇ ಕೋಣೆಯಲ್ಲಿದ್ದರೆ ಪರದೆಗೆ ಬೆರಳು ತೋರಿಸಿದರೆ ಮುಗಿಯಿತು. ಆದರೆ ಹಾಲಿವುಡ್ ಚಿತ್ರಗಳ ಎಫೆಕ್ಟ್ಸ್ ಕೆಲಸದಲ್ಲಿ ಒಂದು ಪಾಲು ವರ್ಷಗಳಿಂದ ಬೆಂಗಳೂರು, ಹೈದರಾಬಾದ್, ಮುಂಬೈಗಳಲ್ಲಿ ನಡೆಯುತ್ತಿದೆ. ಲಾಸ್ ಏಂಜಲೀಸ್ ಬೆಂಗಳೂರಿಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನ ಎರಡನೆಯ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಈ ಅಂತರ ಹನ್ನೆರಡೂವರೆ ಗಂಟೆ.

ಈ ಅಂತರದ ಲಾಭ ಎಲ್ಲರಿಗೂ ಗೊತ್ತು: ಅಲ್ಲಿನವರು ಮಲಗಿದಾಗ ಇಲ್ಲಿ ಕೆಲಸ ಸಾಗುತ್ತದೆ. ನಷ್ಟದ ಲೆಕ್ಕ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಜೂನ್ ತಿಂಗಳ ಒಂದು ಸಂಜೆ ಆರಕ್ಕೆ ಲಾಸ್ ಏಂಜಲೀಸ್‌ನ ಸೂಪರ್‌ವೈಸರ್ ನೋಟ್ ಬರೆದು ಮನೆಗೆ ಹೋಗುತ್ತಾರೆ. ಆಗ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಆರೂವರೆ. ಇಲ್ಲಿನ ಕಲಾವಿದೆ ಹತ್ತು ಗಂಟೆಗೆ ಅದನ್ನು ತೆರೆದು, ಅರ್ಥವಾಗದೆ, “ಯಾವ ತಂತಿ?” ಎಂದು ಕೇಳುತ್ತಾಳೆ. ಅಲ್ಲಿ ರಾತ್ರಿ ಒಂಬತ್ತೂವರೆ. ಸೂಪರ್‌ವೈಸರ್ ಬೆಳಗ್ಗೆ ಒಂಬತ್ತಕ್ಕೆ ಬಂದು ಉತ್ತರಿಸುವ ಹೊತ್ತಿಗೆ ಇಲ್ಲಿ ರಾತ್ರಿ ಒಂಬತ್ತೂವರೆಯಾಗಿ ಕಲಾವಿದೆ ಮನೆ ಸೇರಿರುತ್ತಾಳೆ. ಎರಡು ಪದಗಳ ಪ್ರಶ್ನೆಗೆ ಒಂದು ಇಡೀ ದಿನ ಹೋಯಿತು. ಹೀಗಾಗಿ ಬರೆದವರು ನಿದ್ದೆಯಲ್ಲಿರುವಾಗಲೂ ತಾನಾಗಿಯೇ ಅರ್ಥವಾಗುವಷ್ಟು ಪೂರ್ಣವಾದ ವಿಳಾಸ ಪ್ರತಿ ನೋಟ್‌ನಲ್ಲೂ ಇರಬೇಕಾಗುತ್ತದೆ.

ವಿಡಿಯೊವನ್ನು ಬ್ರೌಸರ್‌ನಲ್ಲೇ ಹಂಚಿಕೊಂಡು, ಬೇಕಾದಲ್ಲಿ ನಿಲ್ಲಿಸಿ ಟಿಪ್ಪಣಿ ಬರೆಯುವ ಸೇವೆಗಳು ಈಗ ಹಲವಿವೆ. 2021ರಲ್ಲಿ ಅಡೋಬಿ ಕೊಂಡ ಫ್ರೇಮ್.ಐಒ ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು. ಟಿಪ್ಪಣಿ ಒತ್ತಿದರೆ ವಿಡಿಯೊ ಅದೇ ಜಾಗಕ್ಕೆ ಹಾರುತ್ತದೆ, ಚಿತ್ರದ ಮೇಲೆ ಗೀಚಿದ ವೃತ್ತವೂ ಕಾಣುತ್ತದೆ. ಇಷ್ಟಿದ್ದ ಮೇಲೆ ಗೊಂದಲಕ್ಕೆ ಎಡೆಯಿಲ್ಲ ಅನ್ನಿಸುವುದು ಸಹಜ. ಆದರೆ ಆ ‘ಜಾಗ’ವನ್ನು ಯಾವುದರಿಂದ ಎಣಿಸಲಾಗಿದೆ ಎಂಬಲ್ಲೇ ಗೊಂದಲ ಶುರುವಾಗುತ್ತದೆ.

ನಾಲ್ಕು ಸೆಕೆಂಡಿನ, ಅಂದರೆ 96 ಫ್ರೇಮ್‌ಗಳ ಒಂದು ಶಾಟ್ ಇದೆ ಎನ್ನೋಣ. ಸಂಕಲನಕಾರರು ಮುಂದೆ ಸ್ವಲ್ಪ ಎಳೆಯಲು ಅನುಕೂಲವಾಗಲೆಂದು ಎರಡೂ ತುದಿಗೆ ಎಂಟೆಂಟು ಹೆಚ್ಚುವರಿ ಫ್ರೇಮ್ ಸೇರಿಸಿದರೆ ಒಟ್ಟು 112. ಎಫೆಕ್ಟ್ಸ್ ಸ್ಟುಡಿಯೊಗಳಲ್ಲಿ ಎಣಿಕೆಯನ್ನು ಸಾಮಾನ್ಯವಾಗಿ ಒಂದರಿಂದಲ್ಲ, 1001ರಿಂದ ಶುರುಮಾಡುತ್ತಾರೆ. ಆಮೇಲೆ ಹಿಂದಕ್ಕೆ ಫ್ರೇಮ್ ಸೇರಿಸಬೇಕಾಗಿ ಬಂದರೂ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಹಾಗಾಗಿ ಈ ಶಾಟ್ 1001ರಿಂದ 1112ರವರೆಗೆ. ಇದರ ಮುಂದೆ ಶಾಟ್‌ನ ಹೆಸರು, ವರ್ಷನ್, ತಾರೀಖು ಬರೆದ ಒಂದು ಫ್ರೇಮ್‌ನ ಸ್ಲೇಟ್ ಕೂರುತ್ತದೆ, ಅದು 1000.

ಸೂಪರ್‌ವೈಸರ್ ತಂತಿ ಕಂಡಲ್ಲಿ ನಿಲ್ಲಿಸಿದಾಗ ಪ್ಲೇಯರ್ `00:00:01:19` ಎಂದು ತೋರಿಸುತ್ತದೆ: ಒಂದು ಸೆಕೆಂಡು, ಅದರ ಮೇಲೆ 19 ಫ್ರೇಮ್. ಒಂದು ಸೆಕೆಂಡಿಗೆ 24, ಅದಕ್ಕೆ 19 ಸೇರಿ 43. ಸ್ಲೇಟ್ ಅನ್ನು ಸೊನ್ನೆ ಎಂದು ಎಣಿಸುವ ಪ್ಲೇಯರ್‌ನಲ್ಲಿ ಇದು 1043ನೇ ಫ್ರೇಮ್. ಕಲಾವಿದೆಯ ಬಳಿ ಇರುವ ಪ್ರತಿಯಲ್ಲಿ ಸ್ಲೇಟ್ ಇಲ್ಲದಿದ್ದರೆ ಅದೇ ಸಮಯಕ್ಕೆ ಕಾಣುವುದು 1044. ಅಲ್ಲಿ ತಂತಿಯೇ ಇಲ್ಲ. ಅವಳು “ನನಗೇನೂ ಕಾಣುತ್ತಿಲ್ಲ” ಎಂದು ಬರೆದರೆ ಅದು ನಿಜವೇ, ಆದರೆ ದಿನ ಹೋಯಿತು.

ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಯಾರೋ ಅವಸರಕ್ಕೆ ವಿಡಿಯೊವನ್ನು ಮತ್ತೊಂದು ಸಾಫ್ಟ್‌ವೇರ್‌ಗೆ ಹಾಕಿ ಸೆಕೆಂಡಿಗೆ 30 ಫ್ರೇಮ್‌ಗಳ ಪ್ರತಿ ಮಾಡಿ ಕಳಿಸುತ್ತಾರೆ. ಆ ಪ್ರತಿಯಲ್ಲಿ `00:00:01:19` ಎಂದರೆ 1.63 ಸೆಕೆಂಡು, ಮೂಲದಲ್ಲಿ 39ನೇ ಫ್ರೇಮ್. ಒಂದೇ ಸಂಖ್ಯೆ ನಾಲ್ಕು ಫ್ರೇಮ್ ಆಚೆಗೆ ಹೋಗಿ ನಿಂತಿತು.

ಪರಿಹಾರ ಹಳೆಯದು, ಸರಳವಾದದ್ದು. ಪರಿಶೀಲನೆಗೆ ಕಳಿಸುವ ವಿಡಿಯೊದ ಪ್ರತಿ ಚಿತ್ರದ ಕೆಳಗೂ ಶಾಟ್‌ನ ಹೆಸರು, ವರ್ಷನ್, ಫ್ರೇಮ್ ಸಂಖ್ಯೆಗಳನ್ನು ಅಕ್ಷರಗಳಾಗಿ ಅಚ್ಚೊತ್ತುವುದು. ಇದಕ್ಕೆ ಬರ್ನ್-ಇನ್ ಎನ್ನುತ್ತಾರೆ. ಸಂಖ್ಯೆ ಚಿತ್ರದ್ದೇ ಭಾಗವಾದ್ದರಿಂದ ಪ್ಲೇಯರ್ ಹೇಗೆ ಎಣಿಸಿದರೂ ತಂತಿಯಿರುವ ಚಿತ್ರದ ಕೆಳಗೆ 1043 ಎಂದೇ ಇರುತ್ತದೆ. ನೋಟ್‌ನಲ್ಲಿ ಬರೆಯಬೇಕಾದದ್ದು ಆ ಸಂಖ್ಯೆಯನ್ನು, ಪ್ಲೇಯರ್ ತೋರಿಸುವ ಸಮಯವನ್ನಲ್ಲ. ಹಿಂದಿನ ಶಾಟ್‌ನಿಂದ ಸಂಕಲನಕಾರರು 12 ಫ್ರೇಮ್ ಕತ್ತರಿಸಿದರೆ ಇಡೀ ದೃಶ್ಯದ ಟೈಮ್‌ಕೋಡ್ ಅರ್ಧ ಸೆಕೆಂಡು ಸರಿಯುತ್ತದೆ, 1043 ಅಲುಗುವುದಿಲ್ಲ. ಬರ್ನ್-ಇನ್ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ವಿಡಿಯೊ ನಿಲ್ಲಿಸಿದಾಗ ಎರಡು ಸಂಖ್ಯೆಗಳು ಒಂದರ ಮೇಲೊಂದು ಮಸುಕಾಗಿ ಕಂಡರೆ, ದಾರಿಯಲ್ಲೆಲ್ಲೋ ಫ್ರೇಮ್ ವೇಗ ಬದಲಿಸುವಾಗ ಪಕ್ಕಪಕ್ಕದ ಚಿತ್ರಗಳನ್ನು ಬೆರೆಸಲಾಗಿದೆ ಎಂದರ್ಥ. ಆ ಪ್ರತಿಯನ್ನು ನೋಡಿ ನೋಟ್ ಬರೆಯುವುದೇ ವ್ಯರ್ಥ.

ಬ್ರೌಸರ್‌ನದೂ ಒಂದು ಕೊರತೆಯಿದೆ. ಅದರ ವಿಡಿಯೊ ವ್ಯವಸ್ಥೆ ಸ್ಥಾನವನ್ನು ಗುರುತಿಸುವುದು ಸೆಕೆಂಡುಗಳಲ್ಲಿ, ಫ್ರೇಮ್‌ಗಳಲ್ಲಲ್ಲ. ಎರಡು ಫ್ರೇಮ್‌ಗಳ ಗಡಿಯಲ್ಲಿ ದಶಾಂಶ ತುಸು ಆಚೀಚೆಯಾದರೂ ಪಕ್ಕದ ಚಿತ್ರ ತೆರೆದುಕೊಳ್ಳಬಹುದು. ಒಳ್ಳೆಯ ಸೇವೆಗಳು ಇದನ್ನು ನಿಭಾಯಿಸುತ್ತವೆ, ಆದರೂ ಕೆಲಸ ಶುರುವಾಗುವ ಮೊದಲು ಒಂದು ಪರೀಕ್ಷೆ ಒಳ್ಳೆಯದು: ಒಂದು ತುದಿಯವರು ಒಂದು ಫ್ರೇಮ್‌ನಲ್ಲಿ ಟಿಪ್ಪಣಿ ಹಾಕಿ ಅದರ ಬರ್ನ್-ಇನ್ ಬರೆದಿಟ್ಟುಕೊಳ್ಳುವುದು, ಇನ್ನೊಂದು ತುದಿಯವರು ಆ ಟಿಪ್ಪಣಿ ಒತ್ತಿ ತಮಗೆ ಕಂಡ ಸಂಖ್ಯೆಯನ್ನು ತಿಳಿಸುವುದು.

ಸಂಖ್ಯೆ ಸರಿಯಾದ ಮೇಲೆ ಮಾತು. ‘ಎಡ ಭುಜದ ಬಳಿ ತಂತಿ’ ಎಂಬುದು ಅರೆಬರೆ ವಿಳಾಸ, ಏಕೆಂದರೆ ಕ್ಯಾಮೆರಾ ಕಡೆ ಮುಖ ಮಾಡಿದ ನಟನ ಎಡ ಭುಜ ಪರದೆಯ ಬಲಕ್ಕಿರುತ್ತದೆ. ಗೀಚಿದ ವೃತ್ತ ಸಾಮಾನ್ಯವಾಗಿ ಒಂದೇ ಫ್ರೇಮ್‌ಗೆ ಅಂಟಿಕೊಂಡಿರುವುದರಿಂದ ತಪ್ಪು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ಬರೆಯಬೇಕು. ಸರಿಯಾದ ನೋಟ್ ಹೀಗಿರುತ್ತದೆ: “`SQ12_040_comp_v003`, ಫ್ರೇಮ್ 1043 ಮಾತ್ರ. ಪರದೆಯ ಬಲಕ್ಕೆ, ನಟನ ಭುಜದ ಮೇಲೆ ತಂತಿಯ ತುಂಡು ಉಳಿದಿದೆ. 1042, 1044 ಸರಿಯಿವೆ. ಇದನ್ನು ತಿದ್ದಲೇಬೇಕು.” ಕೊನೆಯ ವಾಕ್ಯವೂ ಮುಖ್ಯ, ‘ಸಮಯವಿದ್ದರೆ ನೋಡಿ’ ಎಂಬಂಥ ನೋಟ್‌ಗಳ ನಡುವೆ ಇದು ಕಳೆದುಹೋಗಬಾರದು.

ಬರವಣಿಗೆಗೆ ಒಗ್ಗದ ಸಂಗತಿಗಳೂ ಇವೆ. ನಡೆಯ ಲಯ, ಬೆಂಕಿಯ ತೂಕ ಇಂಥವನ್ನು ಫ್ರೇಮ್ ಸಂಖ್ಯೆಯಲ್ಲಿ ಹಿಡಿಯಲಾಗದು. ಅದಕ್ಕೆ ಇಬ್ಬರೂ ಎಚ್ಚರವಾಗಿರುವ ಹೊತ್ತು ಹುಡುಕಿ, ಬೇಸಿಗೆಯಲ್ಲಿ ಬೆಂಗಳೂರಿನ ಬೆಳಗಿನ ಎಂಟು ಅಂದರೆ ಅಲ್ಲಿನ ಸಂಜೆ ಏಳೂವರೆ, ಒಟ್ಟಿಗೆ ನೋಡುತ್ತಾರೆ. ಆಸ್ಟ್ರೇಲಿಯಾದ ಅಡಿಲೇಡ್‌ನ ರೈಸಿಂಗ್ ಸನ್ ಪಿಕ್ಚರ್ಸ್ ಸ್ಟುಡಿಯೊದಲ್ಲಿ ಹುಟ್ಟಿದ ಸಿನೆಸಿಂಕ್ ಇದಕ್ಕೆಂದೇ ಆದದ್ದು. ಅದನ್ನು ರೂಪಿಸಿದವರಿಗೆ 2011ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಇದರಲ್ಲಿ ವಿಡಿಯೊ ಎರಡೂ ಕಡೆಯ ಕಂಪ್ಯೂಟರ್‌ನಲ್ಲಿ ಮೊದಲೇ ಇರುತ್ತದೆ. ಇಂಟರ್ನೆಟ್ ಮೂಲಕ ಹೋಗುವುದು ‘ಈ ಫ್ರೇಮ್‌ಗೆ ಬಾ’ ಎಂಬ ಆದೇಶ ಮತ್ತು ಗೀಚಿದ ಗೆರೆಗಳು ಮಾತ್ರ. ಹಾಗಾಗಿ ಸಂಪರ್ಕ ನಿಧಾನವಾದರೂ ಚಿತ್ರ ಮಸುಕಾಗುವುದಿಲ್ಲ.

ತಿದ್ದಿದ ಶಾಟ್ v004 ಎಂದು ಹೊಸ ಹೆಸರಿನಲ್ಲಿ ಹೋಗುತ್ತದೆ; ಹಳೆಯ ಫೈಲಿನ ಮೇಲೆಯೇ ಹೊಸದನ್ನು ಬರೆದರೆ v003ರ ನೋಟ್ ಯಾವ ಚಿತ್ರದ ಬಗ್ಗೆ ಎಂಬುದೇ ತಿಳಿಯದಾಗುತ್ತದೆ. ಕಲಾವಿದೆ ಏನು ಮಾಡಿದೆ ಎಂದು ಬರೆಯುತ್ತಾಳೆ, ಆದರೆ ನೋಟ್ ಮುಗಿಯಿತು ಎಂಬ ಗುರುತು ಹಾಕುವುದು ಅದನ್ನು ಕೊಟ್ಟವರು. ಅವರು ಎರಡೂ ವರ್ಷನ್‌ಗಳನ್ನು ಅಕ್ಕಪಕ್ಕ ಇಟ್ಟು 1043ರ ಜೊತೆಗೆ ಅದರ ಹಿಂದುಮುಂದಿನ ಫ್ರೇಮ್‌ಗಳನ್ನೂ ನೋಡುತ್ತಾರೆ. ಒಂದೇ ಫ್ರೇಮ್‌ನ ತೇಪೆ ಎಷ್ಟೋ ಸಲ ತಾನೇ ಹೊಸದಾಗಿ ಮಿನುಗುತ್ತದೆ, ಮತ್ತು ಅದು ನಿಲ್ಲಿಸಿ ನೋಡಿದಾಗ ಕಾಣುವುದಿಲ್ಲ. ಶಾಟ್ ಪೂರ್ತಿ ವೇಗದಲ್ಲಿ ಓಡುವಾಗ ಮಾತ್ರ ಕಾಣುತ್ತದೆ.