ದೀಪಾವಳಿ ಬ್ಯಾನರಿಗೊಂದು ಒಕ್ಕಣೆ

ಬಡಾವಣೆಯ ಸಿಹಿತಿಂಡಿ ಅಂಗಡಿಗಳ ಹಬ್ಬದ ಬ್ಯಾನರುಗಳಿಗೆ ಈಗ ಎಐ ತಂತ್ರಾಂಶಗಳೂ ಚಿತ್ರ ಬರೆದುಕೊಡುತ್ತವೆ. ಏನು ಬೇಕೆಂದು ಅವಕ್ಕೆ ಬರೆದು ಹೇಳುವ ಒಕ್ಕಣೆಯೇ ಪ್ರಾಂಪ್ಟ್. ‘ಸಿಹಿತಿಂಡಿ, ದೀಪ, ರಿಯಾಯಿತಿ’ ಎಂದಷ್ಟೇ ಬರೆದರೆ ಬರುವುದು ಹೆಚ್ಚಾಗಿ ಬೆಳ್ಳಿ ಹಾಳೆ ಅಂಟಿಸಿದ ಬರ್ಫಿ, ಲಾಡಿನ ರಾಶಿ. ನಮ್ಮ ಬೀದಿಯ ಅಂಗಡಿಯ ಗಾಜಿನ ಕಪಾಟಿನಲ್ಲಿ ಇರುವುದೇ ಬೇರೆ.

ಮೈಸೂರು ಪಾಕ್, ಧಾರವಾಡ ಪೇಡ, ಚಿರೋಟಿ ಮಾರುವ ಒಂದು ಅಂಗಡಿ ಎಂದುಕೊಳ್ಳೋಣ. ಬಾಗಿಲ ಮೇಲೆ ಆರು ಅಡಿ ಅಗಲ, ಮೂರು ಅಡಿ ಎತ್ತರದ ಬ್ಯಾನರ್ ಬೇಕು. ತಿಂಡಿಯ ಹೆಸರು ಹೇಳಿದರೆ ಸಾಲದು, ರೂಪ ಹೇಳಬೇಕು. ಒಕ್ಕಣೆ ಹೀಗಿರಬಹುದು:

“ಅಗಲ ಎತ್ತರದ ಎರಡರಷ್ಟು. ಬಲಭಾಗದಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ಸಣ್ಣ ತೂತುಗಳಿರುವ, ಅಂಚು ಹಳದಿಯಾಗಿ ನಡುವೆ ಕಂದಾದ ಮೈಸೂರು ಪಾಕ್ ತುಂಡುಗಳು. ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಗಾಢ ಕಂದು ಪೇಡಗಳು. ಪದರ ಪದರವಾಗಿ ಬಿಚ್ಚಿಕೊಂಡ ದುಂಡನೆಯ ಚಿರೋಟಿ. ತಟ್ಟೆಯ ಹಿಂದೆ ಮೂರು ಮಣ್ಣಿನ ಹಣತೆ, ಬತ್ತಿಯ ತುದಿ ಹಣತೆಯ ಮೂತಿಯಲ್ಲಿ, ಉರಿ ಅಲ್ಲಿಯೇ. ಮುಂದಿನಿಂದ ಮೆದುವಾದ ಬಿಳಿ ಬೆಳಕು. ಎಡ ಅರ್ಧ ಖಾಲಿ, ಗಾಢ ಕೆಂಪು. ಬೆಳ್ಳಿ ಹಾಳೆ, ಪಿಸ್ತಾ, ಅಕ್ಷರ ಬೇಡ.”

ಆ ಬಿಳಿ ಬೆಳಕನ್ನು ಬಿಡಬಾರದು. ಹಣತೆಯ ಹಳದಿ ಬೆಳಕೊಂದೇ ಬಿದ್ದರೆ ಪಾಕ್ ಯಾವುದು, ಪೇಡ ಯಾವುದು ಎಂದು ತಿಳಿಯದೆ ಎಲ್ಲವೂ ಕಂದು ಮುದ್ದೆಯಾಗುತ್ತದೆ. ಚಿತ್ರ ಬಂದಮೇಲೆ ಮೊದಲು ಹಣತೆಗಳನ್ನೇ ನೋಡಿ. ಕೆಲವೊಮ್ಮೆ ಬತ್ತಿಯಿಲ್ಲದೆ ಎಣ್ಣೆಯ ನಡುವಿನಿಂದ ಉರಿ ಎದ್ದಿರುತ್ತದೆ. ಮನೆಯಲ್ಲಿ ದೀಪ ಹಚ್ಚುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ.

ಅಕ್ಷರ ಬೇಡವೆಂದದ್ದಕ್ಕೂ ಕಾರಣವಿದೆ. ಈ ತಂತ್ರಾಂಶಗಳ ಕೈಯಲ್ಲಿ ನಮ್ಮ ಒತ್ತಕ್ಷರಗಳು ಸುಲಭವಾಗಿ ಕೆಡುತ್ತವೆ. ಅಂಗಡಿಯ ಹೆಸರು, ಕಿಲೋ ದರ, ರಿಯಾಯಿತಿಯ ದಿನಾಂಕ ಇವನ್ನೆಲ್ಲ ಡಿಟಿಪಿಯವರು ಖಾಲಿ ಕೆಂಪು ಭಾಗದಲ್ಲಿ ಕನ್ನಡ ಫಾಂಟಿನಲ್ಲಿ ಕೂರಿಸಲಿ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಇಂಚಿಗೆ 72 ಪಿಕ್ಸೆಲ್ ಎಂದರೂ ಆರು ಅಡಿಗೆ 5184 ಪಿಕ್ಸೆಲ್ ಬೇಕು. ತಂತ್ರಾಂಶ ಕೊಡುವ ಚಿತ್ರ ಅನೇಕ ಸಲ ಸಾವಿರದೈನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಿಗ್ಗಿಸಿದಾಗ ಚಿತ್ರ ತುಸು ಮಸುಕಾದರೂ ಬೀದಿಯ ಆಚೆಯಿಂದ ನೋಡುವವರಿಗೆ ತಿಳಿಯದು, ಆದರೆ ಅಕ್ಷರ ಮಸುಕಾದರೆ ದರವೇ ಓದಲಾಗದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಫೋಟೊ. ಅಂಗಡಿಯವರೇ ಮಾಡಿದ ಮೈಸೂರು ಪಾಕನ್ನು ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದು, ಒಕ್ಕಣೆಯ ಜೊತೆಗೆ ಮಾದರಿಯಾಗಿ ಕೊಡಬೇಕು. ಬ್ಯಾನರಿನಲ್ಲಿ ಕಂಡದ್ದನ್ನೇ ಗಿರಾಕಿ ಒಳಗೆ ಬಂದು ಕೇಳುತ್ತಾರೆ, ಮೆತ್ತಗಿನ ತುಪ್ಪದ ಪಾಕ್ ಮಾರುವ ಅಂಗಡಿಯ ಮೇಲೆ ತೂತು ತೂತಾದ ಗಟ್ಟಿ ಪಾಕ್ ತೋರಿಸುವುದು ಅವರಿಗೆ ಮಾಡುವ ಮೋಸ. ಮುದ್ರಣದಲ್ಲಿ ಕೇಸರಿ, ಕೆಂಪು ಪರದೆಯಲ್ಲಿ ಕಂಡದ್ದಕ್ಕಿಂತ ಮಂಕಾಗುವುದುಂಟು. ಒಂದಡಿ ತುಂಡನ್ನು ಮೊದಲು ಅಚ್ಚು ಹಾಕಿಸಿ, ಪೇಡದ ಪಕ್ಕದಲ್ಲಿಟ್ಟು ಬಣ್ಣ ನೋಡಿ ಒಪ್ಪಿಗೆ ಕೊಡಿ.