15,000 ರೂಪಾಯಿಯೊಳಗೆ ಯಾವ ಫೋನ್?

15,000 ರೂಪಾಯಿಯೊಳಗೆ ಯಾವ ಫೋನ್ ಒಳ್ಳೆಯದು ಎಂದು ಮತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ ಒಂದು ಹೆಸರು. ಅದು ಉತ್ತರಿಸಿದವರ ಕೈಯಲ್ಲಿರುವ ಫೋನಿನ ಹೆಸರೇ ಆಗಿರುವುದು ಹೆಚ್ಚು. ಕೇಳಿದವರಿಗೆ ಉಪಯೋಗವಾಗುವುದು ಹೆಸರಿಗಿಂತ ಅದರ ಹಿಂದಿನ ಕಾರಣ. ಫೋನ್ ಯಾರ ಕೈಗೆ ಹೋಗುತ್ತದೆ, ಎಷ್ಟು ವರ್ಷ ಬಾಳಬೇಕು ಎಂಬುದನ್ನು ಬಿಟ್ಟು ಆ ಕಾರಣ ಹೇಳಲು ಬರುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಎರಡು ಫೋನ್‌ಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ15 5ಜಿ ಫೋನಿಗೆ 4 ಜಿಬಿ ರ್‍ಯಾಮ್ ಇದ್ದರೆ 13,299, 6 ಜಿಬಿ ಇದ್ದರೆ 14,799 ರೂಪಾಯಿ ಆಗಿನ ಬೆಲೆ. ಮೊಟೊರೋಲಾದ ಜಿ64 5ಜಿ 8 ಜಿಬಿ ರ್‍ಯಾಮಿನೊಂದಿಗೆ 14,999ಕ್ಕೆ ಸಿಗುತ್ತಿತ್ತು. ಎಲ್ಲದರಲ್ಲೂ ಸಂಗ್ರಹ 128 ಜಿಬಿ, ಬ್ಯಾಟರಿ 6,000 ಎಂಎಎಚ್. ಕೇಳುತ್ತಿರುವವರು ತಾಲ್ಲೂಕು ಕೇಂದ್ರದ ಒಬ್ಬ ಶಿಕ್ಷಕಿ ಎಂದುಕೊಳ್ಳೋಣ. ಅವರಿಗೆ ಬೇಕಾದದ್ದು ವಾಟ್ಸ್‌ಆ್ಯಪ್, ಯುಪಿಐ, ಯೂಟ್ಯೂಬ್, ಮಕ್ಕಳ ಫೋಟೊ. ಆಟ ಆಡುವುದಿಲ್ಲ, ನಾಲ್ಕೈದು ವರ್ಷ ಫೋನ್ ಬದಲಿಸುವ ಯೋಚನೆಯೂ ಇಲ್ಲ.

ಕಾಗದದ ಮೇಲೆ ಮೊಟೊರೋಲಾ ಮುಂದೆ. ಅದರ ಡೈಮೆನ್ಸಿಟಿ 7025 ಪ್ರೊಸೆಸರ್ ಸ್ಯಾಮ್‌ಸಂಗಿನ ಡೈಮೆನ್ಸಿಟಿ 6100+ಗಿಂತ ಚುರುಕು, ರ್‍ಯಾಮ್ ಹೆಚ್ಚು. ಕ್ಯಾಮೆರಾದಲ್ಲಿ ಕೈನಡುಕವನ್ನು ಲೆನ್ಸೇ ಸರಿದೂಗಿಸುವ ಒಐಎಸ್ ವ್ಯವಸ್ಥೆ ಇರುವುದರಿಂದ ಸಂಜೆ ಬೆಳಕಿನ ಫೋಟೊ ಮಸುಕಾಗುವುದು ಕಡಿಮೆ. ಎರಡೂ ಫೋನ್‌ಗಳು 50 ಮೆಗಾಪಿಕ್ಸೆಲ್ ಎಂದು ಹೇಳಿಕೊಳ್ಳುತ್ತವೆ. ಆದರೆ ಮಾಮೂಲಿಯಾಗಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡುವುದರಿಂದ ಕೈಗೆ ಸಿಗುವ ಚಿತ್ರ ಸುಮಾರು 12 ಮೆಗಾಪಿಕ್ಸೆಲ್‌ನದು. ಈ ಒಂದು ಅಂಕಿಯನ್ನೇ ನೋಡಿ ಫೋನ್ ಆರಿಸುವುದರಲ್ಲಿ ಅರ್ಥವಿಲ್ಲ.

ಆದರೂ ಶಿಕ್ಷಕಿಗೆ ಸಲ್ಲುವ ಮತ ಸ್ಯಾಮ್‌ಸಂಗಿಗೆ. ಅದಕ್ಕೆ ಕಂಪನಿ ನಾಲ್ಕು ಆಂಡ್ರಾಯ್ಡ್ ಆವೃತ್ತಿಗಳನ್ನೂ ಐದು ವರ್ಷದ ಭದ್ರತಾ ಅಪ್‌ಡೇಟನ್ನೂ ಕೊಡುವುದಾಗಿ ಹೇಳಿದೆ. ಜಿ64ಗೆ ಸಿಕ್ಕ ಭರವಸೆ ಒಂದೇ ಆವೃತ್ತಿ, ಮೂರು ವರ್ಷದ ಭದ್ರತೆ. ಅಪ್‌ಡೇಟ್ ನಿಂತ ದಿನ ಫೋನ್ ಕೆಡುವುದಿಲ್ಲ, ಆದ್ದರಿಂದ ಅಂಗಡಿಯಲ್ಲಿ ಯಾರೂ ಇದರ ಮಾತೆತ್ತುವುದಿಲ್ಲ. ಆಮೇಲೆ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. ಹಳೆಯ ಆವೃತ್ತಿಯ ಮೇಲೆ ಓಡುವುದನ್ನು ಬ್ಯಾಂಕ್ ಆ್ಯಪ್‌ಗಳು ಒಂದೊಂದಾಗಿ ನಿಲ್ಲಿಸುತ್ತವೆ. ಹಣದ ವ್ಯವಹಾರವೆಲ್ಲ ಫೋನಿನಲ್ಲೇ ನಡೆಸುವವರಿಗೆ ಎರಡು ವರ್ಷದ ಈ ಅಂತರ ಪ್ರೊಸೆಸರಿನ ಚುರುಕಿಗಿಂತ ದೊಡ್ಡದು. ಜೊತೆಗೆ ಎಂ15ರ ಪರದೆ ಅಮೊಲೆಡ್, ಜಿ64ರದ್ದು ಎಲ್‌ಸಿಡಿ. ಯೂಟ್ಯೂಬ್ ನೋಡುವಾಗ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುವುದು ಅಮೊಲೆಡ್‌ನಲ್ಲಿ.

ತೊಡಕು ಬರುವುದು ಲೆಕ್ಕದಲ್ಲಿ. ಎಂ15ರ ಡಬ್ಬದಲ್ಲಿ ಚಾರ್ಜರ್ ಇರುವುದಿಲ್ಲ, ವೈರು ಮಾತ್ರ. ಮೊಟೊರೋಲಾ ಡಬ್ಬದಲ್ಲೇ ಚಾರ್ಜರ್ ಇಡುತ್ತದೆ. 6 ಜಿಬಿ ಎಂ15 ಕೊಂಡ ಮೇಲೆ ಕೈಯಲ್ಲಿ ಉಳಿಯುವುದು 201 ರೂಪಾಯಿ. ಅದರಲ್ಲಿ ಒಳ್ಳೆಯ 25 ವಾಟ್ ಚಾರ್ಜರ್ ಬರುವುದಿಲ್ಲ. ಮನೆಯಲ್ಲಿ ಪಿಡಿ ಗುರುತಿನ ಟೈಪ್-ಸಿ ಚಾರ್ಜರ್ ಇದ್ದರೆ ಚಿಂತೆಯಿಲ್ಲ. ಹಳೆಯ ಸಾದಾ ಚಾರ್ಜರಿನಲ್ಲೂ ಫೋನ್ ಚಾರ್ಜ್ ಆಗುತ್ತದೆ, ಆದರೆ ಇಷ್ಟು ದೊಡ್ಡ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಕಾಯಬೇಕು. ಅದನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗುವವರು ಮಾತ್ರ ಸಹಿಸಿಯಾರು.

ಹಾಗಾದರೆ 4 ಜಿಬಿಯದನ್ನು ಕೊಂಡು ಉಳಿದ 1,700ರಲ್ಲಿ ಚಾರ್ಜರ್ ತೆಗೆದುಕೊಂಡರೆ ಸಾಲದೇ ಎಂಬ ಯೋಚನೆ ಬರುವುದು ಸಹಜ. ಸಾಲದು. ಐದು ವರ್ಷ ಬಾಳಬೇಕಾದ ಫೋನಿಗೆ 4 ಜಿಬಿ ರ್‍ಯಾಮ್ ಕಡಿಮೆ: ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲನೆಯದು ಮುಚ್ಚಿಹೋಗಿ ಮತ್ತೆ ಆರಂಭದಿಂದ ತೆರೆಯುತ್ತದೆ. ಕಾರ್ಡ್ ಪಾವತಿಯ ನಡುವೆ ಒಟಿಪಿ ನೋಡಲು ಹೋದವರಿಗೆ ಇದರ ಕಿರಿಕಿರಿ ಗೊತ್ತು. ಜಾಹೀರಾತಿನಲ್ಲಿ "4+4" ಎಂದು ಬರೆದಿದ್ದರೆ ಎರಡನೆಯ ನಾಲ್ಕು ನಿಜವಾದ ರ್‍ಯಾಮ್ ಅಲ್ಲ. ಅದು ಸಂಗ್ರಹದ ಒಂದು ಭಾಗವನ್ನು ಎರವಲು ಪಡೆದದ್ದು, ವೇಗದಲ್ಲಿ ತೀರಾ ಹಿಂದೆ. ಆದ್ದರಿಂದ ಚಾರ್ಜರ್ ಇಲ್ಲದ, ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಲಾಗದ ಮನೆಗೆ ಮತ ಜಿ64ರ ಕಡೆ ತಿರುಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಫೋನ್ ಬದಲಿಸುವ, ಆಟವಾಡುವ ಕಾಲೇಜು ಹುಡುಗನಿಗಂತೂ ಮೊದಲಿನಿಂದಲೂ ಅದೇ ಸರಿ.

ಇಂಥ ಉತ್ತರಕ್ಕೆ ಆಯುಸ್ಸು ಕಡಿಮೆ. ಹೊಸ ಮಾದರಿ ಬಂದಂತೆ ಹಳೆಯದರ ಬೆಲೆ ಇಳಿಯುತ್ತದೆ, ಕಳೆದ ವರ್ಷದ ದುಬಾರಿ ಫೋನ್ ಅದೇ ಬಜೆಟ್ಟಿಗೆ ಒದಗುತ್ತದೆ. ಆಗ ಒಂದು ಲೆಕ್ಕ ಮರೆಯಬಾರದು: ಅಪ್‌ಡೇಟಿನ ವರ್ಷಗಳನ್ನು ಎಣಿಸುವುದು ಮಾದರಿ ಬಿಡುಗಡೆಯಾದ ತಿಂಗಳಿನಿಂದ, ಗ್ರಾಹಕರು ಕೊಂಡ ದಿನದಿಂದಲ್ಲ. ಬಿಡುಗಡೆಯಾಗಿ ಎರಡು ವರ್ಷದ ಮೇಲೆ ಎಂ15 ಅಗ್ಗವಾಗಿ ಸಿಕ್ಕರೆ, ಅದಕ್ಕೆ ಉಳಿದಿರುವುದು ಮೂರು ವರ್ಷದ ಭದ್ರತೆ ಮಾತ್ರ.