ಡೈರೆಕ್ಟರ್ ಆದ ಮೇಲೂ ಮ್ಯಾನೇಜರ್ ಧಾಟಿ

ಔಷಧ ಕಂಪನಿಯೊಂದರ ಸರಬರಾಜು ವಿಭಾಗದ ಸೀನಿಯರ್ ಮ್ಯಾನೇಜರ್ ಡೈರೆಕ್ಟರ್ ಆದರು ಎನ್ನಿ. ಇಂಥವರು ಲಿಂಕ್ಡ್‌ಇನ್‌ನಲ್ಲಿ ಹುದ್ದೆಯ ಹೆಸರನ್ನಷ್ಟೇ ತಿದ್ದುವುದುಂಟು; ಕೆಳಗಿನ ಪರಿಚಯದಲ್ಲಿ ‘ದಿನದ ಆರ್ಡರ್ ನೋಡಿಕೊಳ್ಳುತ್ತೇನೆ, 12 ಜನರ ತಂಡ ನಡೆಸುತ್ತೇನೆ’ ಎಂಬ ಹಳೇ ಸಾಲೇ ಉಳಿದಿರುತ್ತದೆ.

ಹೆಡ್‌ಲೈನ್‌ಗೆ ಸಿಗುವುದು 220 ಅಕ್ಷರಗಳ ಜಾಗ. ಹುದ್ದೆಯ ಜೊತೆ ವ್ಯಾಪ್ತಿಯೂ ಅಲ್ಲೇ ಕಾಣಬೇಕು: ‘ಡೈರೆಕ್ಟರ್, ಸರಬರಾಜು, 3 ಘಟಕಗಳ ಖರೀದಿ, ದಾಸ್ತಾನು, ಬಜೆಟ್’. ‘ದೂರದೃಷ್ಟಿಯ ನಾಯಕ’ ಎಂದು ಬರೆದರೆ ಜಾಗ ದಂಡ.

ಸಾರಾಂಶದಲ್ಲಿ ಕೆಲಸದ ಪಟ್ಟಿಗಿಂತ ನಿರ್ಧಾರ ಮುಖ್ಯ. ಏನನ್ನು ಆರಿಸಿದರು, ಏನನ್ನು ಬಿಟ್ಟುಕೊಟ್ಟರು, ಏಕೆ? ‘ಒಬ್ಬರೇ ಪೂರೈಕೆದಾರರನ್ನು ನೆಚ್ಚಿದ್ದ ಅಪಾಯ ತಪ್ಪಿಸಲು, ದರ ತುಸು ಹೆಚ್ಚಾದರೂ ಇಬ್ಬರನ್ನು ಆರಿಸಿದೆ’ ಎಂಬ ಒಂದೇ ವಾಕ್ಯದಲ್ಲಿ ಡೈರೆಕ್ಟರ್ ದನಿ ಕೇಳುತ್ತದೆ.

ಆ ನಿರ್ಧಾರ ಹಳೇ ಹುದ್ದೆಯದ್ದಾದರೆ ಹಾಗೆಂದೇ ಹೇಳಬೇಕು. ಹೊಸ ಹುದ್ದೆಯ ಫಲಿತಾಂಶ ಬರುವವರೆಗೆ ಹೊಣೆಯನ್ನಷ್ಟೇ ಬರೆದರೆ ಸಾಕು. ಕಂಪನಿ ಬಹಿರಂಗಪಡಿಸದ ಅಂಕಿಗಳನ್ನಂತೂ ಹಾಕುವಂತಿಲ್ಲ.